ಕಂಗ್ರಾಟ್ಸ್ ಮೂರ್ತಿಗಳು

ಬೈಯಪ್ಪನಹಳ್ಳಿ ಸುತ್ತಮುತ್ತ ಆಫೀಸುಗಳಿಗೆ ಬರವಿಲ್ಲ. ಆಫೀಸಿಗೊಂದು ವೆಲ್‌ನೆಸ್ ಗ್ರೂಪು, ಗ್ರೂಪಿಗೊಬ್ಬರು ಕಂಗ್ರಾಟ್ಸ್ ಮೂರ್ತಿಗಳು. ಹೆಸರು ಬೇರೆ ಇರಬಹುದು, ವಿಭಾಗ ಬೇರೆ ಇರಬಹುದು, ಆಸಾಮಿ ಮಾತ್ರ ಒಂದೇ. ವಯಸ್ಸು ಐವತ್ತರ ಮೇಲೆ. ಚೌಕಳಿಯ ಅರ್ಧ ತೋಳಿನ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಕೊರಳಲ್ಲಿ ಊಟದ ಹೊತ್ತಿನಲ್ಲೂ ತೆಗೆಯದ ಐಡಿ ಕಾರ್ಡು. ಜೀವಮಾನದಲ್ಲಿ ಇವರು ಓಡಿದ್ದು ರಾತ್ರಿ ಕೊನೆಯ ಮೆಟ್ರೊ ಹಿಡಿಯುವುದಕ್ಕೆ ಮಾತ್ರ. ಆದರೆ ಆಫೀಸಿನಲ್ಲಿ ಯಾರೇ ಓಡಿ ಬರಲಿ, ಅವರಿಗೆ ಸರಿಯಾದ ಅಭಿನಂದನೆ ಸಲ್ಲಬೇಕಾದರೆ ಮೂರ್ತಿಗಳೇ ಬೇಕು.

ಸರಿಯಾದ ಅಭಿನಂದನೆ ಎಂದು ಯಾಕೆ ಹೇಳಿದೆನೆಂದರೆ, ಮಿಕ್ಕವರದು ಹೇಗಿರುತ್ತದೆಂದು ನಿಮಗೂ ಗೊತ್ತು. ಭಾನುವಾರ ಬೆಳಿಗ್ಗೆ ವಿಶ್ವ 10ಕೆ ಓಟ ಮುಗಿಸಿದ ಶೈಲಜಾ ಮೇಡಂ ಮೆಡಲು ಕಚ್ಚಿಕೊಂಡ ಫೋಟೊ ಹಾಕುತ್ತಾರೆ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಓಟ ಅದು. ದೂರ ಹತ್ತು ಕಿಲೋಮೀಟರ್ ಎಂದು ಹೆಸರಿನಲ್ಲೇ ಇದೆ. ಆದರೂ ಮ್ಯಾನೇಜರು 'ಮ್ಯಾರಥಾನ್ ಮುಗಿಸಿದ್ದಕ್ಕೆ ಅಭಿನಂದನೆಗಳು' ಎನ್ನುತ್ತಾರೆ. ಎಚ್‌ಆರ್‌ನವರು ಕೈ ಚಪ್ಪಾಳೆ, ತೋಳಿನ ಮಾಂಸಖಂಡ, ಬೆಂಕಿ, ರಾಕೆಟ್ಟುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಟೆಸ್ಟಿಂಗ್ ಟೀಮಿನ ಹುಡುಗನೊಬ್ಬ 'ಎಷ್ಟನೇ ಪ್ಲೇಸು?' ಎಂದು ಕೇಳುತ್ತಾನೆ. ಇನ್ನೊಬ್ಬ 'ನೆಕ್ಸ್ಟ್ ಫುಲ್ ಮ್ಯಾರಥಾನ್!' ಎಂದು ಅಪ್ಪಣೆ ಕೊಡಿಸುತ್ತಾನೆ. ಕೊನೆಗೆ ಬರುತ್ತದೆ ಯಾವ ಗ್ರೂಪಿನಲ್ಲೂ ತಪ್ಪದ ಪ್ರಶ್ನೆ: 'ಎಷ್ಟು ಕೆಜಿ ಇಳೀತು ಮೇಡಂ?'

ಇಷ್ಟೂ ಹೊತ್ತು ಮೂರ್ತಿಗಳು ತುಟಿ ಪಿಟಕ್ಕೆನ್ನುವುದಿಲ್ಲ. ಮನೆಯಲ್ಲಿ ಕೂತು, ಫೋಟೊವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಶೈಲಜಾ ಅವರ ಎದೆಯ ಮೇಲಿನ ಬಿಬ್ ನಂಬರನ್ನು ರಸೀದಿಯ ಹಿಂದೆ ಬರೆದುಕೊಳ್ಳುತ್ತಾರೆ. ಫಲಿತಾಂಶ ಹೊರಬಿದ್ದ ಕೂಡಲೇ ಆ ನಂಬರು ಹಾಕಿ ನೋಡುತ್ತಾರೆ. ಲೆಕ್ಕ ನೋಡದೆ ವೋಚರಿಗೆ ಸಹಿ ಹಾಕಿದವರಲ್ಲ ಅವರು, ಲೆಕ್ಕ ನೋಡದೆ ಅಭಿನಂದಿಸುತ್ತಾರೆಯೇ?

ಶೈಲಜಾ ಅವರ ಹೆಸರಿನ ಮುಂದೆ ಎರಡು ಸಮಯ ಇದ್ದವು. ಒಂದು 1 ಗಂಟೆ 34 ನಿಮಿಷ 10 ಸೆಕೆಂಡು. ಇನ್ನೊಂದು 1 ಗಂಟೆ 21 ನಿಮಿಷ 46 ಸೆಕೆಂಡು. ಗ್ರೂಪಿನ ಬೃಹಸ್ಪತಿಗಳು ಅಷ್ಟರಲ್ಲೇ ಮೊದಲನೆಯದನ್ನು ಹಿಡಿದುಕೊಂಡಿದ್ದರು. 'ಒಂದೂವರೆ ಗಂಟೆನಾ? ನಾನು ನಡ್ಕೊಂಡೇ ಹೋಗ್ಬಿಡ್ತೀನಿ' ಎಂದು ಒಬ್ಬ ಹಲ್ಲು ಕಿರಿದಿದ್ದ. ಮೂರ್ತಿಗಳು ಬಾಯಿ ಬಿಟ್ಟದ್ದು ಆಗ.

'ಸ್ವಾಮಿ, ಮೊದಲನೇದು ಗನ್ ಟೈಮು. ಗುಂಡು ಹಾರಿದ ಹೊತ್ತಿನಿಂದ ಎಣಿಸಿದ್ದು. ಸಾವಿರಾರು ಜನ ಒಟ್ಟಿಗೆ ಹೊರಡೋಕಾಗಲ್ಲ, ಹಿಂದಿನ ಸಾಲಲ್ಲಿ ನಿಂತೋರು ಗೆರೆ ತನಕ ತೆವಳ್ಕೊಂಡು ಬರಬೇಕು. ಬಿಬ್ಬಿನ ಹಿಂದೆ ಚಿಪ್ ಇರತ್ತೆ. ಅದು ಗೆರೆ ಮೇಲಿನ ಮ್ಯಾಟು ದಾಟಿದಾಗ ಶುರು, ಕೊನೆ ಮ್ಯಾಟು ದಾಟಿದಾಗ ಮುಕ್ತಾಯ. ಅದೇ ಎರಡನೇದು. ಮೇಡಂ 12 ನಿಮಿಷ 24 ಸೆಕೆಂಡು ಬರೀ ನಿಂತಿದ್ದರು. ನಿಂತದ್ದಕ್ಕೂ ಓಡಿದ್ದಕ್ಕೂ ಸೇರಿಸಿ ಲೆಕ್ಕ ಹಾಕಬೇಡಿ. ಇನ್ನು ನಿಮ್ಮ ನಡಿಗೆ ವಿಚಾರ. ನೀವು ಹೇಳಿದ ಒಂದೂವರೆ ಗಂಟೇಲಿ ಹತ್ತು ಕಿಲೋಮೀಟರ್ ಅಂದ್ರೆ ಗಂಟೆಗೆ ಆರೂವರೆಗಿಂತ ಹೆಚ್ಚು. ಮೆಟ್ರೊ ಸ್ಟೇಷನ್ನಿಂದ ಆಫೀಸಿಗೆ ಶೇರ್ ಆಟೊಗೆ ಕೈ ಅಡ್ಡ ಹಾಕೋರು ತಾವು.'

ಗ್ರೂಪು ಐದು ನಿಮಿಷ ತಣ್ಣಗಾಯಿತು. ಆಮೇಲೆ ಶೈಲಜಾ ಅವರೇ ಒಂದು ಅನುಮಾನ ತೆಗೆದರು. ಅವರ ಕೈಗಡಿಯಾರ 10.23 ಕಿಲೋಮೀಟರ್ ತೋರಿಸುತ್ತಿತ್ತು. ಅದರ ಪ್ರಕಾರ ಕಿಲೋಮೀಟರಿಗೆ 8 ನಿಮಿಷದೊಳಗೆ ಓಡಿದ್ದಾರೆ, ಸಂಘಟಕರ ಪ್ರಕಾರ 8 ನಿಮಿಷ 11 ಸೆಕೆಂಡು. ಎಂಟರೊಳಗೆ ಓಡಬೇಕೆಂಬುದು ಅವರ ಹರಕೆ. ಸಂಘಟಕರು ದಾರಿಯನ್ನು 230 ಮೀಟರ್ ಉದ್ದ ಮಾಡಿ ಮೋಸ ಮಾಡಿದರೇ?

ಬೇರೆ ಯಾರಾದರೂ ಆಗಿದ್ದರೆ 'ಪರವಾಗಿಲ್ಲ ಬಿಡಿ ಮೇಡಂ' ಎನ್ನುತ್ತಿದ್ದರು. ಮೂರ್ತಿಗಳು ಬಿಡುವ ಪೈಕಿಯಲ್ಲ. ಇಂಥ ಓಟದ ದಾರಿಯನ್ನು ಅಳೆಯುವುದು ಸೈಕಲ್ಲಿನಲ್ಲಿ. ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಪುಟ್ಟ ಯಂತ್ರ ಕಟ್ಟಿ, ಮೊದಲೇ ಟೇಪಿನಲ್ಲಿ ಅಳೆದಿಟ್ಟ ನೇರ ರಸ್ತೆಯ ಮೇಲೆ ಓಡಿಸಿ ಸರಿಹೊಂದಿಸಿಕೊಂಡು, ಆಮೇಲೆ ಓಟದ ದಾರಿಯಲ್ಲಿ ತಿರುವಿನ ಅಂಚಿಗೆ ಒಂದಡಿಯಷ್ಟೇ ಬಿಟ್ಟು, ಆದಷ್ಟೂ ಹತ್ತಿರದ ಗೆರೆಯಲ್ಲಿ ತುಳಿಯುತ್ತಾರೆ. ದೂರ ಕಡಿಮೆ ಬಿತ್ತು ಎಂಬ ಮಾತು ಬಾರದಿರಲಿ ಎಂದು ಸಾವಿರ ಮೀಟರಿಗೆ ಒಂದು ಮೀಟರ್ ಹೆಚ್ಚಿಗೆಯನ್ನೂ ಇಡುತ್ತಾರೆ. ಹತ್ತು ಕಿಲೋಮೀಟರಿಗೆ ಅದು ಹತ್ತೇ ಮೀಟರ್. ಮಿಕ್ಕ 220 ಮೀಟರ್ ಶೈಲಜಾ ಅವರ ಸ್ವಂತ ಖರ್ಚು. ಎದುರಿಗೆ ನಾಲ್ಕು ಜನ ಕೈ ಕೈ ಹಿಡಿದು ನಡೆಯುತ್ತಿದ್ದರೆ ಸುತ್ತು ಹಾಕಿದ್ದು, ನೀರಿನ ಬಾಟಲಿಗೆ ರಸ್ತೆಯ ಆ ಬದಿಗೆ ಹೋದದ್ದು, ಪ್ರತಿ ತಿರುವಿನಲ್ಲೂ ಹೊರಮೈಯಲ್ಲಿ ಓಡಿದ್ದು. ಸಾಲದ್ದಕ್ಕೆ ಎತ್ತರದ ಕಟ್ಟಡಗಳ ಸಂದಿಯಲ್ಲಿ, ದಟ್ಟ ಮರಗಳ ಕೆಳಗೆ ಗಡಿಯಾರಕ್ಕೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಓಡುವವರು ನೇರ ಹೋದರೂ ಅದು ಅಂಕುಡೊಂಕು ಗೀಚಿಕೊಳ್ಳುತ್ತದೆ.

'ಆದ್ದರಿಂದ ಮೇಡಂ, ಮೋಸ ಏನಿಲ್ಲ. ಮುಂದಿನ ಸಲ ತಿರುವಿನಲ್ಲಿ ಒಳಗಡೆಯಿಂದ ಬನ್ನಿ, ಅಷ್ಟೇ' ಎಂದರು.

ಫಲಿತಾಂಶದಲ್ಲಿ ಮೂರ್ತಿಗಳು ಇನ್ನೊಂದು ಅಂಕಿಯನ್ನೂ ನೋಡಿದ್ದರು. ಅದನ್ನು ಮಾತ್ರ ಗ್ರೂಪಿನಲ್ಲಿ ಹೇಳಲಿಲ್ಲ. ಮೊದಲ ಐದು ಕಿಲೋಮೀಟರಿಗೆ 39 ನಿಮಿಷ ಸರಿಯಾಗಿ. ಕೊನೆಯ ಐದಕ್ಕೆ 42 ನಿಮಿಷ 46 ಸೆಕೆಂಡು. ಬ್ಯಾಂಡು, ಡೊಳ್ಳು, ರಸ್ತೆ ಬದಿಯ ಕೇಕೆ ಎಲ್ಲ ಕೇಳಿ ಶುರುವಿನಲ್ಲಿ ಹುರುಪು ಬಂದು ಓಡಿದವರ ಲೆಕ್ಕ ಹೀಗೇ ಇರುತ್ತದೆ. ಮೊದಲರ್ಧದಲ್ಲಿ ಉಳಿಸಿದೆವೆಂದುಕೊಂಡ ನಿಮಿಷಗಳನ್ನು ಎರಡನೆಯರ್ಧ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಎರಡೂ ಅರ್ಧಕ್ಕೆ ನಲವತ್ತು ನಲವತ್ತು ನಿಮಿಷ ಹಂಚಿಕೊಂಡಿದ್ದರೆ ಒಟ್ಟು 80, ಕಿಲೋಮೀಟರಿಗೆ ಎಂಟರ ಗಡಿಗೇ ಬಂದು ನಿಲ್ಲುತ್ತಿದ್ದರು. ಮೂರ್ತಿಗಳಿಗೆ ಇದು ಭಾನುವಾರವೇ ಗೊತ್ತಿತ್ತು. ಆದರೆ ಮೆಡಲು ಇನ್ನೂ ಕೊರಳಲ್ಲಿರುವಾಗ ಆಡಿಟ್ ಆಕ್ಷೇಪಣೆ ಎತ್ತಬಾರದೆಂಬುದು ಅವರ ನಿಯಮ. ಗುರುವಾರ ಟೀ ಹೊತ್ತಿನಲ್ಲಿ ಶೈಲಜಾ ತಾವೇ 'ಎಲ್ಲಿ ತಪ್ತು ಸಾರ್?' ಎಂದು ಕೇಳಿದ ಮೇಲೆ ಹೇಳಿದರು.

ಕೆಜಿ ಕೇಳಿದವನಿಗೆ ಸಿಕ್ಕ ಉತ್ತರ ಇನ್ನೂ ಸೊಗಸು. ಹೆಂಗಸರ ತೂಕ ಕೇಳಬಾರದೆಂದು ಗದರಿಸಿದ್ದಲ್ಲ, ಲೆಕ್ಕ ಕೊಟ್ಟರು. ಓಡಿದಾಗ ಕಿಲೋಮೀಟರಿಗೆ, ಮೈತೂಕದ ಒಂದೊಂದು ಕೆಜಿಗೆ, ಸುಮಾರು ಒಂದು ಕ್ಯಾಲೊರಿ ಖರ್ಚು. ಅರವತ್ತು ಕೆಜಿಯ ಯಾರೇ ಹತ್ತು ಕಿಲೋಮೀಟರ್ ಓಡಿದರೂ ಸುಮಾರು 600. ಒಂದು ಕೆಜಿ ಕೊಬ್ಬು ಕರಗಲು ಬೇಕಾದ್ದು 7,700ರಷ್ಟು. 'ಭಾಗಿಸಿ ನೋಡಿ ತಮ್ಮಾ, ಎಂಬತ್ತು ಗ್ರಾಂ ಆಗಲ್ಲ. ಮಿಕ್ಕಿದ್ದು ಬೆವರು, ನೀರು ಕುಡಿದ್ರೆ ವಾಪಸ್ಸು. ಇಂದಿರಾನಗರದಲ್ಲಿ ಇಳಿದು ಬೆಣ್ಣೆ ಮಸಾಲೆ ತಿಂದ್ರೆ ಆ ಗ್ರಾಮೂ ಅನುಮಾನ.' ಶೈಲಜಾ ಅವರು ತಿಂದದ್ದು ಎರಡು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

'ಫುಲ್ ಮ್ಯಾರಥಾನ್' ಎಂದವನಿಗೆ ಒಂದೇ ಸಾಲು ಬಂತು: '42 ಕಿಲೋಮೀಟರ್ 195 ಮೀಟರ್. ಮೊದಲು ನೀವು ಓಡಿ, ನಾನು ಹಾರ ತರ್ತೀನಿ.' ಮ್ಯಾನೇಜರು ಬರೆದ ಮ್ಯಾರಥಾನನ್ನು ಮಾತ್ರ ತಿದ್ದಲಿಲ್ಲ. ಇಂಕ್ರಿಮೆಂಟಿನ ತಿಂಗಳು.

ಆದರೆ ಅಭಿನಂದನೆಯೆಂದರೆ ಗ್ರೂಪಿನಲ್ಲಿ ಬರೆದು ಮುಗಿಸುವ ಕೆಲಸವೆಂದು ಮೂರ್ತಿಗಳು ನಂಬುವುದಿಲ್ಲ. ಅಸಲು ಅಭಿನಂದನೆ ಮಂಗಳವಾರ. ಅಭ್ಯಾಸವಿಲ್ಲದಷ್ಟು ಓಡಿದವರ ತೊಡೆ ಅದೇ ದಿನ ಅಷ್ಟು ನೋಯುವುದಿಲ್ಲ, ಒಂದೆರಡು ದಿನ ಬಿಟ್ಟು ನೋವು ಏರುತ್ತದೆ. ಅದೂ ಮೆಟ್ಟಿಲು ಹತ್ತುವಾಗಲ್ಲ, ಇಳಿಯುವಾಗ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಹಿಡಿದುಕೊಂಡೇ ಹಿಗ್ಗಬೇಕು. ನೊಂದ ಎಳೆಗಳಿಗೆ ಆ ಕೆಲಸವೇ ಕಷ್ಟ. ಸೋಮವಾರ ಜಂಬದಿಂದ ಮೆಡಲು ಹಾಕಿಕೊಂಡು ಬಂದ ಶೈಲಜಾ, ಮಂಗಳವಾರ ಸಂಜೆ ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಕಂಬಿ ಹಿಡಿದು, ಅಡ್ಡಡ್ಡಲಾಗಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಹಿಂದೆ ಬಂದವರಿಗೆ ಮೂರ್ತಿಗಳು 'ಸ್ವಲ್ಪ ನಿಧಾನ, 10ಕೆ ಓಡಿದಾರೆ' ಎಂದು ಗಟ್ಟಿಯಾಗಿ ಹೇಳುತ್ತ ದಾರಿ ಬಿಡಿಸಿದರು. ಬುಧವಾರದ ಮೀಟಿಂಗನ್ನು ಮೂರನೇ ಮಹಡಿಯಿಂದ ನೆಲಮಹಡಿಗೆ ತಂದವರೂ ಅವರೇ. ಕಾರಣದ ಕಾಲಮ್ಮಿನಲ್ಲಿ 'ಪ್ರೊಜೆಕ್ಟರ್ ದುರಸ್ತಿ' ಎಂದು ಬರೆದಿದ್ದರು. ಹಾಗೆಯೇ, ಮೂಳೆಯ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಿದ್ದರೆ, ಕಾಲು ಊರುವುದಕ್ಕೇ ಆಗದಿದ್ದರೆ, ಇಲ್ಲವೇ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಡಾಕ್ಟರ ಹತ್ತಿರ ಹೋಗಿ ಎಂದು ಪ್ರತ್ಯೇಕವಾಗಿ ಹೇಳಿದ್ದರು. ಅದು ಗ್ರೂಪಿನಲ್ಲಿ ಹಾಕುವ ಮಾತಲ್ಲ.

ಮೂರ್ತಿಗಳಲ್ಲಿ ದೋಷವಿಲ್ಲವೆಂದಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಚಾಲೆಂಜು ನಡೆದಾಗ ಅವರ ಲೆಕ್ಕಪರಿಶೋಧನೆ ಅತಿರೇಕಕ್ಕೆ ಹೋಗಿ ಮೂವರು ಮಾತು ಬಿಟ್ಟರು. ರಾತ್ರಿ ಎರಡು ಗಂಟೆಗೆ ನಾಲ್ಕು ಸಾವಿರ ಹೆಜ್ಜೆ ಇಟ್ಟವನ ಫೋನು ಮಗುವಿನ ತೊಟ್ಟಿಲಿಗೆ ಕಟ್ಟಿತ್ತೆಂದು ಕಂಡುಹಿಡಿದವರು ಅವರೇ. ಹತ್ತು ಸಾವಿರವೆಂಬುದು ವೈದ್ಯರು ಗೊತ್ತುಮಾಡಿದ ಅಂಕಿಯೇ ಅಲ್ಲ, 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಎಂದು ಬಹುಮಾನ ವಿತರಣೆಯ ವೇದಿಕೆ ಮೇಲೇ ಹೇಳಿದರು. ಮಾತು ನಿಜ, ಜಾಗ ಅದಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಲ್ಲಿ ರೈಲಿಳಿದು ಎರಡು ಸೂಟ್‌ಕೇಸು ಎಳೆದುಕೊಂಡು ಮೆಟ್ರೊ ಮುಟ್ಟಿದವರಿಗೆ ಮೊದಲು ಮೆಡಲು ಕೊಡಿ ಎಂದೂ ಸೇರಿಸಿದರಂತೆ. ಅದಕ್ಕೆ ಮಾತ್ರ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

'ನೀವ್ಯಾಕೆ ಓಡಲ್ಲ ಸಾರ್?' ಎಂದು ಕೇಳಿದವರಿಗೆ, 'ನಾನೂ ಓಡಿದ್ರೆ ನೋಡೋರು ಯಾರ್ರೀ?' ಎನ್ನುತ್ತಾರೆ.

ನಿಮ್ಮ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಓಟ ಮುಗಿಸಿ ಫೋಟೊ ಹಾಕುವಾಗ ದಯವಿಟ್ಟು ಬಿಬ್ ನಂಬರಿಗೆ ಮೆಡಲು ಅಡ್ಡ ಹಿಡಿಯಬೇಡಿ. ಹೋದ ವರ್ಷ ಹಾಗೆ ಒಂದು ಅಂಕಿ ಮುಚ್ಚಿಹೋಗಿ, ಮೂರ್ತಿಗಳು ನಮ್ಮ ಸ್ಟೋರ್ಸ್ ಗುಮಾಸ್ತರನ್ನು 39 ನಿಮಿಷದಲ್ಲಿ 10ಕೆ ಮುಗಿಸಿದ್ದಕ್ಕಾಗಿ ಇಡೀ ಆಫೀಸಿನ ಮುಂದೆ ಶಾಲು ಹೊದಿಸಿ ಸನ್ಮಾನಿಸಿದರು. ಶಾಲು ಇನ್ನೂ ವಾಪಸು ಬಂದಿಲ್ಲ.