ಸೊಸೆ ನಕ್ಕರೆ ಮಾವನ ಕ್ರಿಯಾಟಿನೈನ್ ಏರುತ್ತದೆ

ಮನೆಯಲ್ಲಿ ಒಬ್ಬರು ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದಾರೆ ಅಂದಮೇಲೆ ಉಳಿದವರು ಹೇಗಿರಬೇಕು ಎಂಬುದಕ್ಕೆ ಬೂದಿಗೆರೆಯಲ್ಲಿ ಬರೆಯದ ಕಾನೂನೊಂದಿದೆ. ಮಗ ಹೊಸ ಅಂಗಿ ತೊಡಕೂಡದು. ಸೊಸೆ ಮಲ್ಲಿಗೆ ಮುಡಿದರೆ ಎದುರುಮನೆಯ ಜಗಲಿಯಿಂದ ತೀರ್ಪು ಬರುತ್ತದೆ: 'ಮಾವ ಹಂಗೆ ಮಲಗವ್ರೆ, ಇವಳಿಗೆ ಹೂವಂತೆ ಹೂವು!' ಮೊಮ್ಮಗ ಪಾಸಾದರೆ ಸಿಹಿಯನ್ನು ಸೆರಗಿನಡಿ ಹಂಚಬೇಕು. ಮಾವನ ಕಿಡ್ನಿ ಕೆಟ್ಟದ್ದು ಇಪ್ಪತ್ತು ವರ್ಷ ಸಾಕಿದ ಸಕ್ಕರೆ ಕಾಯಿಲೆಯಿಂದ, ನಿಜ. ಆದರೆ ಇನ್ನೂ ಕೆಡುವುದೇನಿದ್ದರೂ ಸೊಸೆಯ ನಗುವಿನಿಂದಲೇ ಎಂದು ಊರಿನ ವೈದ್ಯಶಾಸ್ತ್ರ ಹೇಳುತ್ತದೆ.

ಈ ಶಾಸ್ತ್ರದ ಪರೀಕ್ಷೆ ನಡೆಯುವುದು ಹೊಸತೊಡಕಿನ ದಿನ. ನಮ್ಮ ಕಡೆ ಯುಗಾದಿಗೆ ಹೋಳಿಗೆ, ಮರುದಿನ ಬಾಡು. ಅದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುವವರಿದ್ದಾರೆ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ, ಹೊಸತೊಡಕು ಸೋಮವಾರ. ಮಂಗಳವಾರ, ಗುರುವಾರ, ಶನಿವಾರದ ಸರದಿಯಲ್ಲಿರುವ ಒಬ್ಬ ಯಜಮಾನರನ್ನು ಊಹಿಸಿಕೊಳ್ಳಿ. ವಾರದಲ್ಲಿ ಅವರ ಅತಿ ದೀರ್ಘ ಬಿಡುವು ಇದೇ ಭಾನುವಾರ, ಸೋಮವಾರ. ಮೂತ್ರ ಹೋಗದ ದೇಹದಲ್ಲಿ ಕುಡಿದ ನೀರೆಲ್ಲ ಒಳಗೇ ನಿಲ್ಲುವ ಆ ಎರಡು ದಿನಗಳಿಗೆ ಸರಿಯಾಗಿ ಹಬ್ಬ ಬಂದು ಕೂತಿತ್ತು.

ಮಗ ಮೊದಲು ಸಾತ್ವಿಕನಾದ. 'ಅಪ್ಪ ತಿನ್ನಂಗಿಲ್ಲ, ನಮಗ್ಯಾಕೆ' ಎಂದು ಚೀಟಿಯ ಬಾಡು ಪಕ್ಕದ ಮನೆಗೆ ಕೊಟ್ಟ. ಊರು ಮೆಚ್ಚಿತು. ಮೆಚ್ಚದವರು ಆಹಾರ ತಜ್ಞರು ಮಾತ್ರ, ಏಕೆಂದರೆ ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಕಡಿಮೆಯಲ್ಲ, ಜಾಸ್ತಿ ಬೇಕು. ಯಂತ್ರ ಪ್ರತಿ ಸಲವೂ ಒಂದಷ್ಟನ್ನು ಕಸಿದುಕೊಳ್ಳುತ್ತದೆ. ಉಪ್ಪು ಕಡಿಮೆ ಹಾಕಿ ಬೇಯಿಸಿದ ಎರಡು ತುಂಡು ಅಪ್ಪನಿಗೆ ಔಷಧಿಯೇ ಆಗುತ್ತಿತ್ತು. ಅಪಾಯವಿದ್ದದ್ದು ಉಪ್ಪು, ಖಾರ ಬಿದ್ದ ಸಾರಿನಲ್ಲಿ, ಅದರ ಹಿಂದೆ ಬರುವ ಬಾಯಾರಿಕೆಯಲ್ಲಿ. ಮನೆಯವರೆಲ್ಲ ಸೇರಿ ತ್ಯಾಗ ಮಾಡಿದ್ದು ಒಳ್ಳೆಯ ವಸ್ತುವನ್ನೇ.

ಬಾಡು ಕೊಟ್ಟಿದ್ದಾಯ್ತು. ಘಮ ಹೋಗಲಿಲ್ಲ. ಸಂಜೆ ಪಕ್ಕದ ಮನೆಯಿಂದ ಒಂದು ಡಬ್ಬಿ ವಾಪಸು ಬಂತು. ಸೊಸೆ ಅಡುಗೆಮನೆಯಲ್ಲಿ ನಿಂತು ಕಳ್ಳಿಯಂತೆ ನಾಲ್ಕು ತುತ್ತು ತಿಂದಳು, ಮಗನೂ ತಿಂದ. ತಿಂದ ಮೇಲೆ ಪಾಪಪ್ರಜ್ಞೆ, ಅದಕ್ಕೆ ಪರಿಹಾರವಾಗಿ ಮುದ್ದೆಯ ಜೊತೆ ಅಪ್ಪನ ತಟ್ಟೆಗೆ ಸಾರು. 'ಒಂದಿನಕ್ಕೆ ಏನಾಗಲ್ಲ ಬಿಡಪ್ಪ, ನಾವು ತಿಂದು ನಿನಗೆ ಕೊಡದೆ ಇರಕಾಯ್ತದಾ?' ತಾವು ಸುಖಪಟ್ಟ ತಪ್ಪಿಗೆ ದಂಡ ತುಂಬಿದ್ದು ರೋಗಿಯ ಬಾಯಿಂದ! ರಾತ್ರಿಯಿಡೀ ಅಪ್ಪ ನೀರು ಕೇಳಿದರು. ಬೈದು ನೀರು ತಪ್ಪಿಸಲು ಯಾರಿಗೆ ಮನಸ್ಸು ಬಂದೀತು? ಎಂಟೊಂಬತ್ತು ಗ್ರಾಂ ಉಪ್ಪು ದೇಹದಲ್ಲಿ ಸುಮಾರು ಒಂದು ಲೀಟರ್ ನೀರು ಹಿಡಿದಿಡುತ್ತದೆ ಎಂಬುದನ್ನು ಕರುಣೆ ಲೆಕ್ಕ ಹಾಕುವುದಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಬಂದರು, ಕೈಯಲ್ಲಿ ಎಳನೀರು. ಅವರೂ ತಮ್ಮ ಮನೆಯಲ್ಲಿ ಹಬ್ಬದೂಟ ಮುಗಿಸಿಯೇ ಬಂದವರು. ಬರಿಗೈಲಿ ಬಂದರೆ ಊಟ ಅರಗಬೇಕಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಅದು ಏರಿದರೆ ಕಾಲು ಸೋಲುತ್ತದೆ, ಎದೆಬಡಿತ ಹದ ತಪ್ಪುತ್ತದೆ, ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ನಿಲ್ಲುತ್ತದೆ. ಪ್ರೀತಿಯಿಂದ ತಂದದ್ದು ಎಂದು ಪೊಟ್ಯಾಸಿಯಂಗೆ ಹೇಳುವವರು ಯಾರು?

ಮಂಗಳವಾರ ತಕ್ಕಡಿ ಸುಳ್ಳು ಹೇಳಲಿಲ್ಲ. ನೀರಿಳಿದ ಮೇಲೆ 60 ಕೇಜಿ ಇರಬೇಕಾದವರು 64. ನಾಲ್ಕು ಗಂಟೆಯಲ್ಲಿ ನಾಲ್ಕು ಲೀಟರ್ ತೆಗೆಯಬೇಕು, ಅಂದರೆ ಗಂಟೆಗೊಂದು ಲೀಟರ್. ಆ ತೂಕದವರಿಗೆ ಗಂಟೆಗೆ ಮುಕ್ಕಾಲು ಲೀಟರ್ ದಾಟಿದರೆ ಹೃದಯಕ್ಕೆ ಹೊರೆ. ಮೂರನೇ ಗಂಟೆಗೆ ಬಿಪಿ ಕುಸಿಯಿತು, ಮೀನಖಂಡ ಹಿಡಿದುಕೊಂಡಿತು, ಅಪ್ಪ ಕೂಗಿಕೊಂಡರು. ಮಗ ಹೊರಗೆ ನಿಂತು ಹಣೆ ಚಚ್ಚಿಕೊಂಡ: 'ನಾನು ಬಾಡು ತಿಂದೆ, ಅದಕ್ಕೇ ಹಿಂಗಾಯ್ತು.' ಅವನು ತಿಂದದ್ದರಿಂದ ಏನೂ ಆಗಿರಲಿಲ್ಲ. ಬಡಿಸಿದ್ದರಿಂದ ಆಗಿತ್ತು. ಆದರೆ ಬಡಿಸಿದ್ದು ಪುಣ್ಯದ ಖಾತೆಯಲ್ಲಿದೆ, ಆ ಖಾತೆ ಯಾರೂ ತೆರೆದು ನೋಡುವುದಿಲ್ಲ.

ರೋಗಿಯ ಜೊತೆಗಿರುವವರು ಸುಖಪಡುವುದು ಅಷ್ಟು ದೊಡ್ಡ ತಪ್ಪೇ? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೂಸನ್ ಫೋಕ್‌ಮನ್ ಎಂಬ ಮನಃಶಾಸ್ತ್ರಜ್ಞೆ ಏಡ್ಸ್‌ನಿಂದ ಸಾಯುತ್ತಿದ್ದ ಸಂಗಾತಿಗಳನ್ನು ನೋಡಿಕೊಳ್ಳುತ್ತಿದ್ದವರ ಅಧ್ಯಯನ ನಡೆಸಿದ್ದರು. ಆ ಕುರಿತ ಅವರ ಲೇಖನ ಬಂದದ್ದು 1997ರಲ್ಲಿ. ಮೊದಮೊದಲು ಪ್ರಶ್ನೆಗಳೆಲ್ಲ ಕಷ್ಟದ ಬಗ್ಗೆಯೇ. ಆಗ ಆ ಜನರೇ ತಕರಾರು ತೆಗೆದರು: ನಮಗೆ ಆದ ಒಳ್ಳೆಯದನ್ನು ಯಾಕೆ ಕೇಳುವುದಿಲ್ಲ? ಕೇಳಿದರು. ಸಾವು ಪಕ್ಕದ ಹಾಸಿಗೆಯಲ್ಲಿರುವಾಗಲೂ ಹೆಚ್ಚುಕಡಿಮೆ ಎಲ್ಲರ ಬಳಿಯೂ ಹೇಳಲು ಏನೋ ಒಂದಿತ್ತು: ಒಂದು ಒಳ್ಳೆಯ ಊಟ, ಗೆಳೆಯನ ಜೊತೆ ಒಂದು ಹರಟೆ. ಸಂಕಟ ಕಮ್ಮಿಯಾಗಿರಲಿಲ್ಲ, ಸಂತೋಷವೂ ಅದರ ಜೊತೆಗೇ ಇತ್ತು.

ಬೂದಿಗೆರೆಯಲ್ಲಿ ಇದೇ ಪ್ರಶ್ನೆ ಕೇಳಿದರೆ ನಮ್ಮ ಸೊಸೆಯೂ ಉತ್ತರ ಕೊಡುತ್ತಾಳೆ. ಎದುರುಮನೆಯ ಜಗಲಿಯಲ್ಲಿ ಯಾರಾದರೂ ಕೂತಿದ್ದಾರಾ ಎಂದು ಮೊದಲು ಇಣುಕಿ ನೋಡಿ ಬರುತ್ತಾಳೆ, ಅಷ್ಟೇ.