ಬೆಲ್ ಹೊಡೆದ ಮೇಲೆ

"ರೀ, ಹನ್ನೊಂದಾಯ್ತು. ಇನ್ನೂ ಏನು ಗೀಚ್ತಿದ್ದೀರಿ?"

"ಅಪ್ರೈಸಲ್ ಗೈಡ್‌ಲೈನ್ ತಿದ್ತಿದ್ದೀನಿ ಕಣೇ. ಒಬ್ಬ ಮ್ಯಾನೇಜರ್‌ಗೆ 4 ಅಂದ್ರೆ ಮಹಾಸಾಧನೆ, ಇನ್ನೊಬ್ಬನಿಗೆ ರಜೆ ಹಾಕದೇ ಇದ್ರೆ ಸಾಕು. ಇನ್ಮೇಲೆ ಎಲ್ಲರಿಗೂ ಒಂದೇ ಅರ್ಥ: ಗುರಿ ಮುಟ್ಟಿದ್ರೆ 3, ದಾಟಿದ್ರೆ 4. ಎರಡು ಪುರಾವೆ ಬೇಕು."

"ಹತ್ತು ಜನರಲ್ಲಿ ಐವರು ದಾಟಿದ್ರೆ?"

"ಕ್ಯಾಲಿಬ್ರೇಷನ್ ಮೀಟಿಂಗ್. ಮ್ಯಾನೇಜರ್‌ಗಳೆಲ್ಲ ಕೂತು ಪುರಾವೆ ಹೋಲಿಸ್ತಾರೆ."

"ಆಮೇಲೆ ಐವರಿಗೂ 4?"

"ಇಬ್ಬರಿಗೆ. ಬೆಲ್ ಕರ್ವ್ ಮೊದಲೇ ಬಂದಿದೆ."

"ಮಿಕ್ಕ ಮೂವರ ಪುರಾವೆ?"

"ಅದೇ ಮುಂದಿನ ವರ್ಷದ ಗುರಿ."

"ಓಹೋ, ಬೆಲ್ ಹೊಡೆದ್ಮೇಲೆ ಪ್ರಸಾದ ಇಬ್ಬರಿಗೆ, ಮಿಕ್ಕವರಿಗೆ ಮಂಗಳಾರತಿ! ಅಂದಹಾಗೆ, ಇವತ್ತಿನ ಸಾರಿಗೆ ಎಷ್ಟು?"

"4! ಎರಡು ಸಲ ಬಡಿಸ್ಕೊಂಡೆನಲ್ಲ, ಅದೇ ಪುರಾವೆ."

"ನಿಮ್ಮಮ್ಮನ ಸಾರಿನ ಜೊತೆ ಕ್ಯಾಲಿಬ್ರೇಟ್ ಮಾಡಿದ್ಮೇಲೆ?"

(ದೀರ್ಘ ಮೌನ.)

"...3."