ಕೇಳಿದ್ದು ಒಂದು, ಬರೆದದ್ದು ಇನ್ನೊಂದು

ನಮ್ಮ ಕಡೆ ಸಭೆಯಲ್ಲಿ ಪ್ರಶ್ನೆ ಕೇಳಲು ಎದ್ದವರು ಪ್ರಶ್ನೆಯಿಂದ ಶುರು ಮಾಡುವುದಿಲ್ಲ. ಮೊದಲು ತಾತ ಬರುತ್ತಾರೆ, ಆಮೇಲೆ ತಾತನ ಹೊಲ, ಅದು ಅಣ್ಣತಮ್ಮಂದಿರಲ್ಲಿ ಪಾಲಾದ ಕಥೆ, ಹೋದ ವರ್ಷ ಕೈಕೊಟ್ಟ ಮಳೆ. ಕೊನೆಗೆ ಕೂರುವ ಮುಂಚೆ, “ಅದಕ್ಕೇನ್ ಮಾಡ್ಬೇಕ್ರಿ ಸಾಹೇಬ್ರೆ?” ಪ್ರಶ್ನೆ ಅಂತ ಇರುವುದು ಆ ಕೊನೆಯ ನಾಲ್ಕು ಮಾತು. ಆದರೆ ಹಿಂದಿನದನ್ನೆಲ್ಲ ಕತ್ತರಿಸಿ ಹಾಕಿದರೆ ‘ಅದಕ್ಕೆ’ ಎಂದರೆ ಯಾವುದಕ್ಕೆ ಎಂಬುದು ದೇವರಿಗೇ ಗೊತ್ತು.

ಕೊಟ್ಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೆಕ್ಕೆಜೋಳದ ಹುಳುವಿನ ಬಗ್ಗೆ ರೈತರೂ ಕೃಷಿ ಅಧಿಕಾರಿಯೊಬ್ಬರೂ ಮಾತಾಡಿದ್ದರು. ಅಳಿಯ ಅದನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದ. “ಮಾಮಾ, ಎಲ್ಲರೂ ಕೇಳೋ ಪ್ರಶ್ನೆ, ಅದಕ್ಕೆ ಉತ್ತರ, ಒಂದು ಹಾಳೆಯಾಗ ಬರೆದುಕೊಡ್ರಿ, ಸೊಸೈಟಿ ಗೋಡೆಗೆ ಹಚ್ಚೋಣ” ಎಂದ. ನಾನು ರಿಟೈರಾದ ಮೇಷ್ಟ್ರು, ಅಕ್ಷರ ದುಂಡಗಿವೆ. ಯೋಗ್ಯತೆ ಅಷ್ಟೆ.

ಕೊಟ್ಟೂರು ಸೀಮೆಯ ಸಭೆ ಎಂದ ಮೇಲೆ ಮಂಡಕ್ಕಿ, ಮಿರ್ಚಿ ಇರಲೇಬೇಕು. ಮೊಬೈಲನ್ನು ಯಾರೋ ಪುಣ್ಯಾತ್ಮರು ಮಂಡಕ್ಕಿ ಪೇಪರಿನ ಪಕ್ಕದಲ್ಲೇ ಇಟ್ಟಿದ್ದರು. ಧ್ವನಿಮುದ್ರಿಕೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳುವುದು ಕರುಂ ಕುರುಂ.

ಇಂಥದ್ದನ್ನು ಪೂರ್ತಿ ಬರೆದಿಳಿಸಲು ಕೂತರೆ ಮುಗಿಯುವುದಿಲ್ಲ. ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದೆ: ಎಷ್ಟನೇ ನಿಮಿಷ, ಏನು ಕೇಳಿದರು, ಏನು ಹೇಳಿದರು, ನನಗೆ ಬಂದ ಅನುಮಾನ. ಹೆಸರಿನ ಕಾಲಮ್ಮು ಬೇಡ. ಯಾರ ಹೊಲದಲ್ಲಿ ಹುಳು ಬಿತ್ತೆಂದು ಗೋಡೆಯ ಮೇಲೆ ಬರೆದರೆ ಊರಲ್ಲಿ ಇರುವುದು ಕಷ್ಟ. ನಿಮಿಷ ಮಾತ್ರ ಬೇಕೇ ಬೇಕು. ಅನುಮಾನ ಬಂದಾಗ ಹಿಂದಕ್ಕೆ ಹೋಗಿ ಅದೇ ಜಾಗ ಕೇಳಬೇಕಲ್ಲ.

ಗೆರೆ ಎಳೆದ ಮೇಲೆ ಕಂಡ ಮೊದಲ ಸಂಗತಿ: ಒಬ್ಬರು “ಸುಳ್ಯಾಗ ಹುಳ ಕುಂತೈತಿ” ಎಂದಿದ್ದರು, ಇನ್ನೊಬ್ಬರು “ಎಲಿ ಎಲ್ಲಾ ಜರಡಿ ಆಗೈತಿ”, ಮತ್ತೊಬ್ಬರು “ಸುಳಿ ತುಂಬ ಕಟಿಗಿ ಹೊಟ್ಟು ಇದ್ದಂಗ ಐತಿ.” ಮೂರೂ ಒಂದೇ ಪ್ರಶ್ನೆ. ಇದು ಅಮೆರಿಕ ಖಂಡದಿಂದ ಬಂದ ಸೈನಿಕ ಹುಳು. ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ಎಲೆ ತೂತು ಮಾಡುವುದೂ ಅದೇ, ಸುಳಿಯಲ್ಲಿ ಕೂರುವುದೂ ಅದೇ, ಆ ಹೊಟ್ಟು ಅದರದೇ ಹಿಕ್ಕೆ. ಹಾಗಾಗಿ ಮೂರೂ ಮಾತನ್ನು ಒಂದೇ ಪ್ರಶ್ನೆಯಲ್ಲಿ, ಅವರವರು ಹೇಳಿದಂತೆಯೇ ಇಟ್ಟೆ. ಓದುವವನು ತನ್ನ ಮಾತು ಕಂಡರೆ ತಾನೇ ನಿಲ್ಲುವುದು? ‘ಸೈನಿಕ ಹುಳುವಿನ ಬಾಧೆಯ ಲಕ್ಷಣಗಳಾವುವು?’ ಎಂದು ಬರೆದರೆ ಪರೀಕ್ಷೆಗೆ ಬಂದ ಹುಡುಗನ ಹಾಗೆ ಜಾರಿಕೊಳ್ಳುತ್ತಾನೆ.

ಇದಕ್ಕೆ ತಿರುಗುಮುರುಗಾದದ್ದೂ ಇತ್ತು. “ಏನ್ ಎಣ್ಣಿ ಹೊಡಿಬೇಕ್ರಿ?” ಎಂದು ಇಬ್ಬರು ಅಕ್ಷರಕ್ಕೆ ಅಕ್ಷರ ಒಂದೇ ಪ್ರಶ್ನೆ ಕೇಳಿದ್ದರು. ಅಧಿಕಾರಿ ಒಬ್ಬರಿಗೆ ಔಷಧ ಹೇಳಿದರು, ಇನ್ನೊಬ್ಬರಿಗೆ “ಈಗೇನೂ ಹೊಡೀಬೇಡ್ರಿ” ಎಂದರು. ಎರಡು ನಾಲಿಗೆಯ ಮನುಷ್ಯ ಎಂದುಕೊಂಡು ಹಿಂದಕ್ಕೆ ಹೋಗಿ, ಬಿಟ್ಟಿದ್ದ ತಾತನ ಕಥೆ ಕೇಳಿದೆ. ಅಲ್ಲೇ ಇತ್ತು ಗುಟ್ಟು: ಮೊದಲನೆಯವರ ಪೈರು ಇನ್ನೂ ಮೊಣಕಾಲುದ್ದ, ಎರಡನೆಯವರದು ಗರಿ ಬಿಟ್ಟು ತೆನೆ ಕಟ್ಟುತ್ತಿದೆ. ಗರಿ, ರೇಷ್ಮೆ ಬಂದ ಮೇಲೆ ಸಿಂಪಡಿಸಿದ ಖರ್ಚು ಗಿಟ್ಟುವುದಿಲ್ಲ. ಕಂಡ ಹುಳುಗಳನ್ನು ಕೈಯಿಂದ ಆರಿಸಿ ಕೊಲ್ಲುವುದೇ ದಾರಿ. ಹಾಳೆಯಲ್ಲಿ ಇವು ಎರಡು ಪ್ರಶ್ನೆಗಳಾದವು. ಸೇರಿಸಿಬಿಟ್ಟಿದ್ದರೆ ಎರಡನೆಯವರ ಹಾಗೆ ತೆನೆ ಬಂದ ಹೊಲದವರೆಲ್ಲ ಅಂಗಡಿಗೆ ದುಡ್ಡು ಸುರಿದು ಬರುತ್ತಿದ್ದರು.

ಮುಂದಿನ ಗಂಡಾಂತರ ಒಂದು ಚುಕ್ಕೆಯದು. ಔಷಧದ ಹೆಸರು ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ, ಹರಳಿನ ರೂಪದ್ದು. ಪ್ರಮಾಣ ಹೇಳುವ ಕ್ಷಣಕ್ಕೆ ಸರಿಯಾಗಿ ಯಾರೋ ಮಿರ್ಚಿ ಕಡಿದರು. ಕೇಳಿಸಿದ್ದು “ಲೀಟರಿಗೆ... ನಾಲ್ಕು ಗ್ರಾಂ.” ಆ ಖಾಲಿ ಜಾಗದಲ್ಲಿ ಏನಿತ್ತು? ಸಂಖ್ಯೆ ಅನುಮಾನ ಎನಿಸಿದಾಗ ಅದನ್ನು ಪಂಪಿಗೆ ಲೆಕ್ಕ ಹಾಕಿ ನೋಡಬೇಕು. 16 ಲೀಟರ್ ಪಂಪಿಗೆ ಲೀಟರಿಗೆ 4 ಗ್ರಾಂ ಎಂದರೆ 64 ಗ್ರಾಂ. ಅದೇ ಮುದ್ರಿಕೆಯಲ್ಲಿ ಆಮೇಲೊಮ್ಮೆ ಅವರೇ “ಒಂದು ಪಂಪಿಗೆ ಆರೂವರೆ ಗ್ರಾಂ ಒಳಗೇ” ಎಂದಿದ್ದಾರೆ. ಲೀಟರಿಗೆ 0.4 ಎಂದು ಹಿಡಿದರೆ 16 ಲೀಟರಿಗೆ 6.4 ಗ್ರಾಂ, ಆರೂವರೆಯ ಒಳಗೇ. ಮಿರ್ಚಿ ನುಂಗಿದ್ದು ‘ಪಾಯಿಂಟ್’. ಹತ್ತು ಪಟ್ಟು ಔಷಧ ಆಗುತ್ತಿತ್ತು. ಆದ್ದರಿಂದ ಹಾಳೆಯಲ್ಲಿ ಲೀಟರಿನ ಲೆಕ್ಕದ ಜೊತೆಗೆ ಪಂಪಿನ ಲೆಕ್ಕವನ್ನೂ ಬರೆದೆ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ.

ಮುದ್ರಿಕೆಗೆ ಕಣ್ಣಿಲ್ಲ ಎಂಬುದು ಇನ್ನೊಂದು ತೊಂದರೆ. “ಹುಳ ಇಷ್ಟಿದ್ದಾಗ ಬೇವಿನ ಕಷಾಯ ಸಾಕು, ಇಷ್ಟಾದ ಮ್ಯಾಲೆ ಸಾಲೋದಿಲ್ಲ” ಎಂದು ಅಧಿಕಾರಿ ಬೆರಳು ತೋರಿಸಿದ್ದಾರೆ, ಎಲ್ಲರೂ “ಹೌದ್ರಿ ಹೌದ್ರಿ” ಎಂದಿದ್ದಾರೆ. ಬೆರಳು ನನಗೆ ಕಾಣಬೇಕಲ್ಲ. ಫೋನ್ ಮಾಡಿ ಕೇಳಿದರೆ ಅವರು ಮತ್ತೆ “ಇಷ್ಟು ಸರ್” ಎಂದರು. “ಬೆರಳು ಬಿಡಿ, ಎಲೆ ಹೆಂಗಿರುತ್ತೆ ಹೇಳಿ” ಎಂದೆ. ಆಗ ಬಂತು ಬರೆಯಬಹುದಾದ ಉತ್ತರ: ಎಲೆಯ ಹಸಿರು ಮಾತ್ರ ಕೆರೆದು ಬಿಳಿ ಪೊರೆ ಉಳಿದಿದ್ದರೆ ಮರಿಹುಳು, ಹರಿದಂಥ ತೂತು, ಸುಳಿಯಲ್ಲಿ ಹೊಟ್ಟು ಕಂಡರೆ ಅದು ಬಲಿತಿದೆ. ತಲೆಯ ಮೇಲೆ ತಲೆಕೆಳಗಾದ Y ಗುರುತು, ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಚುಕ್ಕೆ ಇದ್ದರೆ ಇದೇ ಹುಳು.

ಇನ್ನು ‘ಪದೇ ಪದೇ ಕೇಳಿದ’ ಎಂಬುದನ್ನು ಹೇಗೆ ಎಣಿಸುವುದು? ಸಬ್ಸಿಡಿ ಪಂಪಿನ ಬಗ್ಗೆ ಅತಿ ಹೆಚ್ಚು ಬಾರಿ ಕೇಳಿದ್ದಾರೆ, ಆದರೆ ಕೇಳಿದವರು ಒಬ್ಬರೇ. ಬಾಯಿ ಎಣಿಸಬೇಕು, ಮಾತನ್ನಲ್ಲ. ಅದಕ್ಕೆ ಸಿಕ್ಕ ಉತ್ತರವೂ “ಬರೋ ಸೋಮವಾರ ಬರ್ರಿ” ಎಂಬುದು. ಗೋಡೆಯ ಮೇಲೆ ಬರೆದರೆ ವರ್ಷಪೂರ್ತಿ ಪ್ರತಿ ಸೋಮವಾರವೂ ಜನ ಹೋಗಿ ಬರಬೇಕು. ಬಿಟ್ಟೆ. ಹರಪನಹಳ್ಳಿ ಕಡೆಯಿಂದ ಬಂದವರೊಬ್ಬರು “ನಮ್ಮ ಜಿಲ್ಲಾ ಆಫೀಸು ಯಾವ ಊರಾಗೈತ್ರಿ?” ಎಂದಾಗ ಎಲ್ಲರೂ ನಕ್ಕಿದ್ದಾರೆ. ನಗುವಂಥದ್ದೇನಿದೆ? ಕೂತ ಜಾಗದಿಂದ ಕದಲದೆ ಅವರು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋದವರು. ‘ಹೊಸಪೇಟೆ’ ಎಂದು ಉತ್ತರ ಬರೆದು ಕೆಳಗೆ ತಾರೀಖು ಹಾಕಿದೆ, ಮುಂದೆ ಬೇಕಾದೀತೆಂದು.

ಒಬ್ಬ ಅಜ್ಜಿ ಒಂದೇ ಒಂದು ಸಲ ಕೇಳಿದ ಪ್ರಶ್ನೆಯನ್ನು ಮಾತ್ರ ಮೇಲೆ ಹಾಕಿದೆ: “ಎಣ್ಣಿ ಹೊಡೆದ ಸೊಪ್ಪಿ ದನಕ್ಕ ಹಾಕಬೌದೇನಪ್ಪಾ?” ಆ ಕ್ಷಣ ಕರುಂ ಕುರುಂ ಪೂರ್ತಿ ನಿಂತಿದೆ. ಎಲ್ಲರಿಗೂ ಬೇಕಿದ್ದು, ಯಾರೂ ಕೇಳದೆ ಇದ್ದದ್ದು ಅದು. ಉತ್ತರ: ಕೂಡಲೇ ಹಾಕಬಾರದು, ಔಷಧದ ಪೊಟ್ಟಣದ ಮೇಲೆ ಹೇಳಿದಷ್ಟು ದಿನ ಕಾಯಬೇಕು. ಮಂಡಕ್ಕಿ ಮತ್ತೆ ಶುರು.

ಬರೆದ ಹಾಳೆಯನ್ನು ಅಧಿಕಾರಿಗೇ ಕಳಿಸಿ ಓದಿಸಿದೆ. ಹೇಳಿದವರು ತಮ್ಮ ಮಾತನ್ನು ಅಕ್ಷರದಲ್ಲಿ ಕಂಡಾಗ ಗಂಭೀರರಾಗುತ್ತಾರೆ. “ಬೆಳಿಗ್ಗೆ ಅಥವಾ ಸಂಜೆ, ಸುಳಿಯೊಳಗೇ ಬೀಳುವಂತೆ” ಎಂಬ ಮಾತನ್ನು ಅವರೇ ಸೇರಿಸಿದರು. ಜೊತೆಗೆ ಉತ್ತರ ಸಿಗದ ಪ್ರಶ್ನೆಗಳ ಇನ್ನೊಂದು ಚೀಟಿಯನ್ನೂ ಇಟ್ಟಿದ್ದೆ. ಅದರಲ್ಲಿ ಮೊದಲನೆಯದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯವರದು. ಅಲ್ಲಿ ಕರಡಿಧಾಮವೇ ಇದೆ. “ಹುಳದ್ದು ಆತ್ರಿ, ಕರಡಿಗೇನ್ ಹೊಡಿಬೇಕು?” ಮುದ್ರಿಕೆಯಲ್ಲಿ ಅದಕ್ಕೆ ಸಿಕ್ಕಿದ್ದು ಬರೀ ನಗು. ಅಧಿಕಾರಿ ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದರು: ‘ಏನೂ ಹೊಡೆಯುವಂತಿಲ್ಲ. ಅರಣ್ಯ ಇಲಾಖೆಯನ್ನು ಕೇಳಿ.’ ಹಾಗೆಯೇ ಹಾಳೆಗೆ ಸೇರಿಸಿದೆ.